ಪ್ಲ್ಯಾಂಟ್ ಹೆಡ್ ಭೇಟಿಗೆ ಅರ್ಧ ಗಂಟೆ ಬೇಕಾ? ಅವರ ಇಎಗೆ ಮೇಲ್ ಬರೆಯುವ ಕ್ರಮ

ಬಳ್ಳಾರಿಯ ವರ್ಕ್‌ಶಾಪ್‌ನವರು, ಗಿಣಿಗೇರಾ ಕಡೆಯ ಕಾರ್ಖಾನೆಗಳಿಗೆ ಸಾಮಾನು ಕೊಡುವವರು, ರಾಯಚೂರಿನಿಂದ ಸರ್ವಿಸ್ ಕೆಲಸಕ್ಕೆ ಬರುವವರು, ಎಲ್ಲರೂ ನನ್ನ ಹತ್ತಿರ ಕೇಳುವ ಪ್ರಶ್ನೆ ಒಂದೇ. "ಮೇಡಂ, ದೊಡ್ಡ ಸಾಹೇಬರನ್ನ ಒಂದ್ಸಲ ಭೇಟಿ ಆಗಬೇಕಿತ್ತು. ಅವರ ಇಎಗೆ ಮೇಲ್ ಹಾಕಿದ್ವಿ, ಉತ್ತರಾನೇ ಬರಲಿಲ್ಲ. ಏನಂತ ಬರೀಬೇಕ್ರಿ?"

ಇಎ ಅಂದರೆ ಎಕ್ಸಿಕ್ಯುಟಿವ್ ಅಸಿಸ್ಟೆಂಟ್. ದೊಡ್ಡ ಅಧಿಕಾರಿಯ ದಿನದ ಸಮಯ, ಭೇಟಿ, ಪ್ರಯಾಣ, ಕಾಗದಪತ್ರ ಎಲ್ಲವನ್ನೂ ನೋಡಿಕೊಳ್ಳುವವರು. ಈ ಭಾಗದ ಒಂದು ಪ್ಲ್ಯಾಂಟ್‌ನಲ್ಲಿ ನಾನು ಹಲವು ವರ್ಷ ಅದೇ ಕೆಲಸ ಮಾಡಿದ್ದೇನೆ. ಸಮಯ ಕೇಳಿ ಬರುವ ಮೇಲ್‌ಗಳನ್ನು ಓದುತ್ತಿದ್ದವಳೂ ನಾನೇ, ಪಕ್ಕಕ್ಕಿಡುತ್ತಿದ್ದವಳೂ ನಾನೇ. ಹಾಗಾಗಿ ಆ ಕುರ್ಚಿಯಲ್ಲಿ ಕೂತವರಿಗೆ ಏನು ಬೇಕು ಅನ್ನುವ ಕಡೆಯಿಂದಲೇ ಹೇಳುತ್ತೇನೆ.

ಒಂದೇ ಉದಾಹರಣೆ ಹಿಡಿದು ಹೋಗೋಣ. ನಿಮ್ಮದು ಬಳ್ಳಾರಿಯಲ್ಲಿ ಒಂದು ವರ್ಕ್‌ಶಾಪ್ ಅಂದುಕೊಳ್ಳಿ. ಕೊಪ್ಪಳ ಜಿಲ್ಲೆಯ ಒಂದು ಕಬ್ಬಿಣದ ಕಾರ್ಖಾನೆಗೆ ಕನ್ವೇಯರ್ ರೋಲರ್ ರಿಪೇರಿ ಮಾಡಿಕೊಡುತ್ತೀರಿ. ಅದಿರು, ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಕೆಳಗೆ ಸಾಲಾಗಿ ತಿರುಗುತ್ತವಲ್ಲ, ಅವೇ ರೋಲರ್. ಅದರ ಬೇರಿಂಗ್ ಹಿಡಿದುಕೊಂಡರೆ ರೋಲರ್ ತಿರುಗುವುದಿಲ್ಲ, ಬೆಲ್ಟ್ ಅದರ ಮೇಲೆ ಉಜ್ಜಿ ಸವೆಯುತ್ತದೆ. ನಿಮ್ಮ ವ್ಯಾಪಾರದ ಬಹುಪಾಲು ಈ ಒಂದೇ ಗಿರಾಕಿಯಿಂದ. ನಿಮ್ಮ ರೇಟ್ ಕಾಂಟ್ರ್ಯಾಕ್ಟ್, ಅಂದರೆ ವರ್ಷಪೂರ್ತಿ ಇದೇ ದರಕ್ಕೆ ಕೆಲಸ ಅನ್ನುವ ಒಪ್ಪಂದ, ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದಕ್ಕೂ ಮೊದಲು ಪ್ಲ್ಯಾಂಟ್ ಹೆಡ್ ಜೊತೆ ಕೂತು ಮಾತಾಡಬೇಕು. ಇದು ಫೆಬ್ರವರಿ ಮೊದಲ ವಾರ.

ಹಂತ 1: ಇದು ಅವರ ಹತ್ತಿರವೇ ಹೋಗಬೇಕಾದ ವಿಷಯವಾ?

ಮೇಲ್ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಕೊಡಿ. ಉತ್ತರ ಬಾರದ ಮೇಲ್‌ಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲಿಯೇ.

ಇಎ ನಿಮ್ಮ ಮೇಲ್ ಓದುವಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆ, "ಇದನ್ನ ಬೇರೆಯವರು ಮುಗಿಸೋಕೆ ಆಗಲ್ವಾ?" ನೀವು ರೇಟ್ ಜಾಸ್ತಿ ಮಾಡಿ ಅಂತ ಕೇಳೋಕೆ ಹೊರಟಿದ್ದರೆ ಅದು ಪರ್ಚೇಸ್ ವಿಭಾಗದ ಕೆಲಸ. ಬಿಲ್ ಪಾಸಾಗಿಲ್ಲ ಅಂದರೆ ಅದು ಅಕೌಂಟ್ಸ್ ಕೆಲಸ. ಇಂಥ ಮೇಲ್ ಬಂದರೆ ಇಎ ಅದನ್ನು ಆಯಾ ವಿಭಾಗಕ್ಕೆ ಕಳಿಸಿ ಸುಮ್ಮನಾಗುತ್ತಾರೆ. ಅದು ನಿಮ್ಮ ಮೇಲಿನ ಅಸಡ್ಡೆ ಅಲ್ಲ. ಅವರು ಮಾಡಬೇಕಾದದ್ದೇ ಅದು.

ಪ್ಲ್ಯಾಂಟ್ ಹೆಡ್‌ವರೆಗೆ ಹೋಗುವ ವಿಷಯ ಬೇರೆ. ನಮ್ಮ ಉದಾಹರಣೆಯಲ್ಲಿ ಹೀಗಿಟ್ಟುಕೊಳ್ಳೋಣ: ರೋಲರ್ ಕೆಟ್ಟಾಗಲೆಲ್ಲ ಬಳ್ಳಾರಿಗೆ ಕಳಿಸಿ, ರಿಪೇರಿ ಮಾಡಿಸಿ, ವಾಪಸ್ ತರಿಸುವ ಬದಲು, ರೆಡಿ ಇರುವ 100 ರೋಲರ್‌ಗಳನ್ನು ನೀವು ಅವರ ಸ್ಟೋರ್‌ನಲ್ಲೇ ಇಡಲು ತಯಾರಿದ್ದೀರಿ. ಬಳಸಿದಷ್ಟಕ್ಕೆ ಬಿಲ್. ಇದಕ್ಕೆ ಮೇಂಟೆನೆನ್ಸ್‌ನವರು ಹೂಂ ಅನ್ನಬೇಕು, ಸ್ಟೋರ್‌ನವರು ಜಾಗ ಕೊಡಬೇಕು, ಪರ್ಚೇಸ್‌ನವರು ಕಾಂಟ್ರ್ಯಾಕ್ಟಿನ ಷರತ್ತು ಬದಲಾಯಿಸಬೇಕು. ಮೂರು ವಿಭಾಗ ಸೇರಬೇಕಾದ ತೀರ್ಮಾನವನ್ನು ಮೇಲಿನವರೇ ಮಾಡಬೇಕಾಗುತ್ತದೆ. ಇದನ್ನು ಓದಿದ ಇಎಗೆ ಭೇಟಿ ಯಾಕೆ ಬೇಕು ಅಂತ ಬೇರೆ ವಿವರಿಸಬೇಕಿಲ್ಲ.

ಹಾಗಾಗಿ ಒಂದು ಹಾಳೆಯಲ್ಲಿ ಈ ವಾಕ್ಯ ಪೂರ್ತಿ ಮಾಡಿ: "ಈ ಭೇಟಿಯಿಂದ ಸಾಹೇಬರು ______ ತೀರ್ಮಾನಿಸಬೇಕು, ಯಾಕೆಂದರೆ ______." ಎರಡನೇ ಜಾಗ ತುಂಬಲು ಆಗದಿದ್ದರೆ ಮೇಲ್ ಕಳಿಸಬೇಡಿ. ಮ್ಯಾನೇಜರ್ ಹತ್ತಿರವೇ ಮಾತಾಡಿ.

ಹಂತ 2: ದಿನಾ ನೋಡುವ ಮ್ಯಾನೇಜರ್‌ಗೆ ಮೊದಲು ಹೇಳಿ

ನಿಮಗೆ ಆರ್ಡರ್ ಕೊಡುವ ಮೇಂಟೆನೆನ್ಸ್ ಅಥವಾ ಪರ್ಚೇಸ್ ಮ್ಯಾನೇಜರ್‌ಗೆ ಹೇಳದೆ ಮೇಲೆ ಹೋಗಬೇಡಿ. ನಿಮ್ಮ ಮೇಲ್ ಬಂದ ಮೇಲೆ ಇಎ ಮಾಡುವ ಮೊದಲ ಫೋನ್ ಅದೇ ಮ್ಯಾನೇಜರ್‌ಗೆ: "ಇವರು ಸಾಹೇಬರ ಟೈಮ್ ಕೇಳಿದ್ದಾರೆ, ಏನು ವಿಷಯ?" ಅವರು "ನಂಗೇನೂ ಗೊತ್ತಿಲ್ಲಲ್ಲ" ಅಂದರೆ ಕಥೆ ಮುಗಿಯಿತು. ಭೇಟಿಯೂ ಸಿಗುವುದಿಲ್ಲ, ಮ್ಯಾನೇಜರ್ ಜೊತೆಗಿನ ಸಂಬಂಧವೂ ಕೆಡುತ್ತದೆ.

ಅನುಮತಿ ಕೇಳುವ ಧಾಟಿ ಬೇಡ, ತಿಳಿಸುವ ಧಾಟಿ ಸಾಕು. "ಸರ್, ಸ್ಟೋರ್‌ನಲ್ಲಿ ರೋಲರ್ ಇಡೋ ವಿಷಯಕ್ಕೆ ಪ್ಲ್ಯಾಂಟ್ ಹೆಡ್ ಅವರ ಅರ್ಧ ಗಂಟೆ ಕೇಳ್ತಾ ಇದ್ದೀನಿ. ನೀವೂ ಇದ್ದರೆ ಒಳ್ಳೇದು. ಮೇಲ್‌ನಲ್ಲಿ ನಿಮ್ಮ ಹೆಸರು ಹಾಕಲಾ?" ಇಷ್ಟು ಕೇಳಿ. ಅವರು ಹೂಂ ಅಂದರೆ ಆ ಹೆಸರು ನಿಮ್ಮ ಮೇಲ್‌ನಲ್ಲಿ ಎಲ್ಲಕ್ಕಿಂತ ತೂಕದ ಮಾತಾಗುತ್ತದೆ. ಬೇಡ ಅಂದರೆ ಯಾಕೆ ಅಂತ ಕೇಳಿ. ನಿಮಗೆ ಗೊತ್ತಿಲ್ಲದ ಅಡಚಣೆ ಒಳಗಿರಬಹುದು.

ಹಂತ 3: ಅವರ ಕ್ಯಾಲೆಂಡರ್ ಊಹಿಸಿ ದಿನ ಆರಿಸಿ

ನಮ್ಮ ಕಡೆಯ ಕಾರ್ಖಾನೆಗಳ ದಿನ ಬೇಗ ಶುರುವಾಗುತ್ತದೆ. ಬೆಳಿಗ್ಗೆ ಪ್ರೊಡಕ್ಷನ್ ಮೀಟಿಂಗ್, ಆಮೇಲೆ ಪ್ಲ್ಯಾಂಟ್ ರೌಂಡ್. ರಾತ್ರಿ ಪಾಳಿಯಲ್ಲಿ ಏನಾದರೂ ನಿಂತಿದ್ದರೆ ಆ ಬೆಳಗು ಪೂರ್ತಿ ಅದಕ್ಕೇ ಹೋಗುತ್ತದೆ. ಬೆಳಿಗ್ಗೆ 11ರ ಒಳಗಿನ ಸಮಯ ಕೇಳಬೇಡಿ. ಕೊಟ್ಟರೂ ತಪ್ಪಿಹೋಗುವ ಸಾಧ್ಯತೆ ಜಾಸ್ತಿ. ತಿಂಗಳ ಕೊನೆಯ ಎರಡು ಮೂರು ದಿನ ಮತ್ತು ಹೊಸ ತಿಂಗಳ ಮೊದಲ ದಿನಗಳು ಲೆಕ್ಕ, ರಿಪೋರ್ಟ್‌ಗಳಿಗೆ ಮೀಸಲು. ಮಾರ್ಚ್ ಎರಡನೇ ಅರ್ಧದಲ್ಲಂತೂ ವರ್ಷದ ಲೆಕ್ಕ ಮುಗಿಸುವ ಒತ್ತಡ.

ಪ್ಲ್ಯಾಂಟ್ ಶಟ್‌ಡೌನ್ ಇದ್ದಾಗ, ಅಂದರೆ ದೊಡ್ಡ ರಿಪೇರಿಗಾಗಿ ಯಂತ್ರ ನಿಲ್ಲಿಸಿರುವ ದಿನಗಳಲ್ಲಿ, ಸಮಯ ಕೇಳುವುದೇ ತಪ್ಪು. ಆ ದಿನಗಳು ಯಾವುವು ಅಂತ ಮೇಂಟೆನೆನ್ಸ್ ಮ್ಯಾನೇಜರ್ ಹೇಳುತ್ತಾರೆ. ಹಬ್ಬ, ಜಾತ್ರೆಯ ದಿನಗಳನ್ನೂ ನೋಡಿಕೊಳ್ಳಿ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಊರಿಗೆ ಬರುವ ಜನ ಎಷ್ಟು ಅಂತ ನಿಮಗೇ ಗೊತ್ತು. ರಸ್ತೆಯೂ ತುಂಬಿರುತ್ತದೆ, ಸಿಬ್ಬಂದಿಯೂ ರಜೆಯಲ್ಲಿರುತ್ತಾರೆ.

ಇಷ್ಟು ಬಿಟ್ಟರೆ ನಮ್ಮ ಉದಾಹರಣೆಗೆ ಉಳಿಯುವುದು ಫೆಬ್ರವರಿ ಮೂರನೇ ವಾರದ ನಡುವಿನ ದಿನಗಳು. ಹೊಸ ಒಪ್ಪಂದಕ್ಕೆ ಒಳಗಿನ ಸಹಿಗಳಾಗಲು ಅಲ್ಲಿಂದ ಮಾರ್ಚ್ 31ರವರೆಗೆ ಆರು ವಾರದಷ್ಟು ಸಮಯವೂ ಸಿಗುತ್ತದೆ. ಮೇಲ್ ಕಳಿಸುವುದು ಅದಕ್ಕೆ ಎರಡು ವಾರ ಮೊದಲು, ಅಂದರೆ 2026ರ ಫೆಬ್ರವರಿ 3, ಮಂಗಳವಾರ. ನಾಡಿದ್ದಿಗೆ ಸಮಯ ಕೇಳಿದರೆ ಇಎ ಬೇರೆ ಯಾರನ್ನಾದರೂ ತೆಗೆದು ನಿಮ್ಮನ್ನು ಕೂರಿಸಬೇಕು. ಎರಡು ತಿಂಗಳು ಮೊದಲೇ ಕೇಳಿದರೆ ಆಮೇಲೆ ನೋಡೋಣ ಅಂತ ಬದಿಗಿಡುತ್ತಾರೆ.

ಒಂದೇ ಸಮಯ ಹೇಳಬೇಡಿ. "ನಿಮಗೆ ಯಾವಾಗ ಅನುಕೂಲವೋ ಆವಾಗ" ಅಂತಲೂ ಬರೆಯಬೇಡಿ. ಕೇಳೋಕೆ ಇದು ವಿನಯದ ಮಾತು. ಆದರೆ ಹುಡುಕುವ ಕೆಲಸ ಪೂರ್ತಿ ಇಎ ಮೇಲೆ ಬೀಳುತ್ತದೆ. ಅವರು ಒಂದು ದಿನ ಹೇಳುವುದು, ನೀವು ಅವತ್ತು ಆಗಲ್ಲ ಅನ್ನುವುದು, ಹೀಗೆ ನಾಲ್ಕು ಮೇಲ್ ಓಡಾಡುತ್ತವೆ. ಮೂರು ದಿನ ಕೊಡಿ, ಪ್ರತಿ ದಿನಕ್ಕೂ ಎರಡು ಗಂಟೆಯ ಕಿಟಕಿ ಕೊಡಿ. ಆ ಎರಡು ಗಂಟೆಯಲ್ಲಿ ಯಾವ ಅರ್ಧ ಗಂಟೆಯಾದರೂ ಸರಿ ಅನ್ನುವ ಅರ್ಥದಲ್ಲಿ. ಮೂರೂ ಮಧ್ಯಾಹ್ನವೇ ಬೇಡ, ಒಂದಾದರೂ ಊಟಕ್ಕೆ ಮೊದಲು ಇರಲಿ.

ದಿನಾಂಕದ ಜೊತೆ ವಾರವನ್ನೂ ಬರೆಯಿರಿ, ಕ್ಯಾಲೆಂಡರ್ ತೆಗೆದು ನೋಡಿ ಬರೆಯಿರಿ. "17, ಬುಧವಾರ" ಅಂತ ಬರೆದು, 17 ಮಂಗಳವಾರ ಆಗಿದ್ದರೆ ಇಎ ಯಾವುದನ್ನು ನಂಬಬೇಕು? ಅದನ್ನು ಕೇಳೋಕೆ ಮತ್ತೊಂದು ಮೇಲ್ ಬರೆಯಬೇಕು. ಬಹಳ ಸಲ ಆ ಮೇಲ್ ನಾಳೆಗೆ ಹೋಗುತ್ತದೆ, ನಾಳೆಯಿಂದ ನಾಡಿದ್ದಿಗೆ ಹೋಗುತ್ತದೆ.

ಹಂತ 4: ಯಾರಿಗೆ, ಯಾರ ಪ್ರತಿಯೊಂದಿಗೆ

"ಟು" ಜಾಗದಲ್ಲಿ ಇಎ ಒಬ್ಬರೇ ಇರಲಿ. "ಸಿಸಿ" ಅಂದರೆ ಎಲ್ಲರಿಗೂ ಕಾಣುವ ಪ್ರತಿ. ಅಲ್ಲಿ ಹಂತ 2ರಲ್ಲಿ ಒಪ್ಪಿದ ಮ್ಯಾನೇಜರ್ ಇರಲಿ. ಪ್ಲ್ಯಾಂಟ್ ಹೆಡ್ ಅವರನ್ನು ಸಿಸಿಯಲ್ಲಿ ಹಾಕಬೇಡಿ. ಇಎ ಕಣ್ಣಿಗೆ ಅದು ಒತ್ತಡ ಹಾಕಿದ ಹಾಗೆ ಕಾಣುತ್ತದೆ, "ನೀವು ಕೊಡದಿದ್ದರೆ ಅವರು ನೋಡುತ್ತಾರೆ" ಅಂದ ಹಾಗೆ.

ಒಂದು ಸಂದರ್ಭ ಮಾತ್ರ ಬೇರೆ. ಸಾಹೇಬರೇ ಮೇಲ್‌ನಲ್ಲಿ "ನನ್ನ ಇಎ ಜೊತೆ ಟೈಮ್ ಫಿಕ್ಸ್ ಮಾಡಿಕೊಳ್ಳಿ" ಅಂತ ಇಬ್ಬರನ್ನೂ ಸೇರಿಸಿ ಬರೆದಿದ್ದರೆ, ಅದೇ ಮೇಲ್‌ಗೆ ಉತ್ತರ ಕೊಡಿ. ಸಾಹೇಬರನ್ನು "ಬಿಸಿಸಿ"ಗೆ ಹಾಕಿ. ಬಿಸಿಸಿ ಅಂದರೆ ಬೇರೆಯವರಿಗೆ ಕಾಣದ ಪ್ರತಿ. ಮೊದಲ ಸಾಲಲ್ಲಿ "ಧನ್ಯವಾದ ಸರ್, ನಿಮ್ಮ ಇನ್‌ಬಾಕ್ಸ್ ತುಂಬದಿರಲಿ ಅಂತ ನಿಮ್ಮನ್ನು ಬಿಸಿಸಿಗೆ ಹಾಕಿದ್ದೇನೆ" ಅಂತ ಬಹಿರಂಗವಾಗಿಯೇ ಬರೆಯಿರಿ. ನೀವು ಕೆಲಸ ಮುಂದುವರಿಸಿದ್ದು ಅವರಿಗೆ ಗೊತ್ತಾಗುತ್ತದೆ, ಆಮೇಲಿನ ದಿನಾಂಕದ ಮಾತುಕತೆ ಅವರನ್ನು ಮುಟ್ಟುವುದಿಲ್ಲ.

ಹಂತ 5: ಮೇಲ್ ಬರೆಯುವುದು

ವಿಷಯದ ಸಾಲು, ಅಂದರೆ ಸಬ್ಜೆಕ್ಟ್, ಮೊಬೈಲಲ್ಲಿ ಅರ್ಧವೇ ಕಾಣುತ್ತದೆ. ಇಎ ಬೆಳಿಗ್ಗೆ ಮೀಟಿಂಗ್ ಬಾಗಿಲ ಹೊರಗೆ ನಿಂತು ಹೆಬ್ಬೆರಳಲ್ಲಿ ಮೇಲ್ ಸರಿಸುತ್ತಾ ಹೋಗುವಾಗ "ಗೌರವಪೂರ್ವಕ ವಿನಂತಿಯ ಕುರಿತು..." ಅನ್ನುವಷ್ಟೇ ಕಂಡರೆ ಬೆರಳು ನಿಲ್ಲುವುದಿಲ್ಲ. ಎಷ್ಟು ನಿಮಿಷ, ಯಾವ ವಿಷಯ, ಯಾವ ದಿನಗಳು, ಇವು ಮೊದಲೇ ಬರಲಿ. "ಅರ್ಜೆಂಟ್" ಅಂತ ಹಾಕಬೇಡಿ. ಪ್ಲ್ಯಾಂಟ್‌ನಲ್ಲಿ ಅರ್ಜೆಂಟ್ ಅಂದರೆ ಬೆಲ್ಟ್ ನಿಂತಿದೆ, ಯಾರಿಗೋ ಪೆಟ್ಟಾಗಿದೆ ಅಂತ.

ಮಾದರಿಯನ್ನು ಕನ್ನಡದಲ್ಲೇ ಕೊಟ್ಟಿದ್ದೇನೆ. ಆ ಕಂಪನಿಯ ಜೊತೆ ನಿಮ್ಮ ವ್ಯವಹಾರ ಇಂಗ್ಲಿಷ್‌ನಲ್ಲಿ ನಡೆಯುತ್ತಿದ್ದರೆ ಇದೇ ಕ್ರಮದಲ್ಲಿ, ಇಷ್ಟೇ ಉದ್ದದಲ್ಲಿ ಬರೆಯಿರಿ.

> ವಿಷಯ: 30 ನಿಮಿಷದ ಭೇಟಿ – ಕನ್ವೇಯರ್ ರೋಲರ್ ಸ್ಟಾಕ್ – ಫೆ. 17ರಿಂದ 19ರ ಒಳಗೆ
>
> ______ ಮೇಡಂ ಅವರಿಗೆ ನಮಸ್ಕಾರ,
>
> ನಾನು ಬಳ್ಳಾರಿಯ ______ ವರ್ಕ್ಸ್‌ನ ______. ನಿಮ್ಮ ಪ್ಲ್ಯಾಂಟ್‌ನ ಕನ್ವೇಯರ್ ರೋಲರ್‌ಗಳ ರಿಪೇರಿ ಕೆಲಸ ನಾಲ್ಕು ವರ್ಷದಿಂದ ಮಾಡುತ್ತಿದ್ದೇವೆ.
>
> ಪ್ಲ್ಯಾಂಟ್ ಹೆಡ್ ಸರ್ ಅವರ 30 ನಿಮಿಷ ಸಮಯ ಕೇಳಲು ಬರೆಯುತ್ತಿದ್ದೇನೆ. ರೆಡಿ ಇರುವ 100 ರೋಲರ್‌ಗಳನ್ನು ನಿಮ್ಮ ಸ್ಟೋರ್‌ನಲ್ಲೇ ಇಟ್ಟು, ಬಳಸಿದಷ್ಟಕ್ಕೆ ಬಿಲ್ ಮಾಡುವ ಪ್ರಸ್ತಾಪ ನಮ್ಮದು. ಮೇಂಟೆನೆನ್ಸ್, ಸ್ಟೋರ್ಸ್, ಪರ್ಚೇಸ್ ಮೂರೂ ವಿಭಾಗಕ್ಕೆ ಸಂಬಂಧಿಸಿದ್ದರಿಂದ ಸರ್ ಅವರ ತೀರ್ಮಾನ ಬೇಕು. ಮೇಂಟೆನೆನ್ಸ್ ಮ್ಯಾನೇಜರ್ ______ ಸರ್ ಅವರಿಗೆ ವಿಷಯ ತಿಳಿಸಿದ್ದೇನೆ, ಭೇಟಿಯಲ್ಲಿ ಅವರೂ ಇರಲು ಒಪ್ಪಿದ್ದಾರೆ. ದರದ ಮಾತುಕತೆ ಪರ್ಚೇಸ್ ಜೊತೆ ಬೇರೆ ನಡೆಯುತ್ತಿದೆ, ಈ ಭೇಟಿಯಲ್ಲಿ ಅದನ್ನು ಎತ್ತುವುದಿಲ್ಲ.
>
> ಈ ಮೂರರಲ್ಲಿ ಯಾವುದಾದರೂ ಸಾಧ್ಯವೇ?
> ಫೆ. 17, ಮಂಗಳವಾರ – ಮಧ್ಯಾಹ್ನ 3ರಿಂದ 5ರ ಒಳಗೆ
> ಫೆ. 18, ಬುಧವಾರ – ಬೆಳಿಗ್ಗೆ 11ರಿಂದ 1ರ ಒಳಗೆ
> ಫೆ. 19, ಗುರುವಾರ – ಮಧ್ಯಾಹ್ನ 3ರಿಂದ 5ರ ಒಳಗೆ
>
> ನಾವು ಇಬ್ಬರು, ಪ್ಲ್ಯಾಂಟ್‌ಗೇ ಬರುತ್ತೇವೆ. ಇವು ಹೊಂದದಿದ್ದರೆ ಫೆಬ್ರವರಿ 25ರ ಒಳಗೆ ನೀವು ಹೇಳುವ ದಿನಕ್ಕೆ ಹೊಂದಿಸಿಕೊಳ್ಳುತ್ತೇವೆ. ಈಗಿನ ಕಾಂಟ್ರ್ಯಾಕ್ಟ್ ಮಾರ್ಚ್ 31ಕ್ಕೆ ಮುಗಿಯುವುದರಿಂದ ಈ ಮಿತಿ ಹೇಳುತ್ತಿದ್ದೇನೆ. ಫೆಬ್ರವರಿ 10ರವರೆಗೆ ಮೂರೂ ಸಮಯವನ್ನು ಖಾಲಿ ಇಟ್ಟಿರುತ್ತೇನೆ.
>
> ವಂದನೆಗಳೊಂದಿಗೆ,
> ______
> ______ ವರ್ಕ್ಸ್, ಬಳ್ಳಾರಿ
> ಮೊಬೈಲ್: ______

ಇದರಲ್ಲಿ ಎರಡು ವಾಕ್ಯ ಗಮನಿಸಿ.

ಒಂದು, "ದರದ ಮಾತುಕತೆ ಈ ಭೇಟಿಯಲ್ಲಿ ಎತ್ತುವುದಿಲ್ಲ." ಇಎಗೆ ಇರುವ ದೊಡ್ಡ ಭಯ ಇದೇ. ವೆಂಡರ್ ಒಂದು ವಿಷಯ ಹೇಳಿ ಸಮಯ ತಗೊಳ್ಳುತ್ತಾರೆ, ಒಳಗೆ ಹೋಗಿ ರೇಟ್ ಬಗ್ಗೆ ಶುರು ಮಾಡುತ್ತಾರೆ. ಆಮೇಲೆ ಸಾಹೇಬರು ಕರೆದು "ಇದಕ್ಕೆ ಯಾಕೆ ಟೈಮ್ ಕೊಟ್ರಿ?" ಅಂತ ಕೇಳುವುದು ಇಎಯನ್ನು. ಬೈಗುಳ ನಿಮಗಲ್ಲ, ಅವರಿಗೆ. ಹಾಗಾಗಿ ಏನು ಮಾತಾಡುತ್ತೀರಿ ಅನ್ನುವಷ್ಟೇ ಮುಖ್ಯ, ಏನು ಮಾತಾಡುವುದಿಲ್ಲ ಅನ್ನುವುದು. ಬರೆದ ಮೇಲೆ ಅದಕ್ಕೆ ಬದ್ಧರಾಗಿರಿ. ನಿಮಗೆ ದರದ ಬಗ್ಗೆಯೇ ಮಾತಾಡಬೇಕಿದ್ದರೆ ಅದನ್ನೇ ಬರೆಯಿರಿ. "ಸೌಜನ್ಯದ ಭೇಟಿ" ಅಂತ ಹೇಳಿ ಒಳಗೆ ಹೋಗುವ ದಾರಿ ಒಂದೇ ಸಲ ನಡೆಯುತ್ತದೆ, ಎರಡನೇ ಸಲಕ್ಕೆ ಆ ಬಾಗಿಲು ಮುಚ್ಚಿರುತ್ತದೆ.

ಇನ್ನೊಂದು, "ಫೆಬ್ರವರಿ 10ರವರೆಗೆ ಖಾಲಿ ಇಟ್ಟಿರುತ್ತೇನೆ." ಇದು ಗಡುವು, ಆದರೆ ಗಡುವು ನಿಮ್ಮ ಮೇಲಿದೆ. "10ರ ಒಳಗೆ ಉತ್ತರಿಸಿ" ಅಂದರೆ ಅಪ್ಪಣೆ ಕೊಟ್ಟಂತಾಗುತ್ತದೆ. ಇಎಗೆ ತಿಳಿಯಬೇಕಾದ ತಾರೀಖು ಎರಡರಲ್ಲೂ ಒಂದೇ, ಧಾಟಿ ಮಾತ್ರ ಬೇರೆ.

ಸಂಬೋಧನೆಗೆ ಬರೋಣ. ಹೆಸರಿನ ಜೊತೆ ಮೇಡಂ ಅಥವಾ ಸರ್, ಅಷ್ಟೇ. ಹೆಸರಿನ ಕಾಗುಣಿತ ಹಳೇ ಮೇಲ್ ನೋಡಿ ಖಾತ್ರಿ ಮಾಡಿಕೊಳ್ಳಿ. ಗಂಡಸೋ ಹೆಂಗಸೋ ಗೊತ್ತಿಲ್ಲದಿದ್ದರೆ ಮ್ಯಾನೇಜರ್ ಹತ್ತಿರ ಕೇಳಿ, ಊಹಿಸಬೇಡಿ. ನಮ್ಮ ಕಡೆ ಫೋನಲ್ಲಿ "ಅಕ್ಕಾ, ಸ್ವಲ್ಪ ನೋಡ್ರಿ" ಅಂದುಬಿಡುತ್ತೇವೆ. ಎದುರಿಗೆ, ಪರಿಚಯ ಇದ್ದಾಗ ಅದು ಚೆಂದವೇ. ಮೇಲ್ ಹಾಗಲ್ಲ, ಅದನ್ನು ಇಎ ಹಾಗೇ ಸಾಹೇಬರಿಗೆ ಕಳಿಸಬಹುದು. "ಸಾಹೇಬರ ಪಿಎ ಅವರಿಗೆ" ಅಂತ ಹೆಸರಿಲ್ಲದೆ ಬರೆಯುವುದೂ ಬೇಡ. "ಹೇಗಾದರೂ ಅಡ್ಜಸ್ಟ್ ಮಾಡಿ" ಅನ್ನುವ ಮಾತನ್ನಂತೂ ಬಿಟ್ಟುಬಿಡಿ. ಅಡ್ಜಸ್ಟ್ ಮಾಡುವುದು ಅಂದರೆ ಇನ್ನೊಬ್ಬರ ಸಮಯ ಕಿತ್ತು ನಿಮಗೆ ಕೊಡುವುದು. ಅದನ್ನು ಬರವಣಿಗೆಯಲ್ಲಿ ಕೇಳಿದರೆ ಯಾರೂ ಮಾಡುವುದಿಲ್ಲ.

ಕಡತ ಲಗತ್ತಿಸಬೇಡಿ. 12 ಪುಟದ ಕಂಪನಿ ಪರಿಚಯ ಈ ಹಂತದಲ್ಲಿ ಯಾರೂ ತೆರೆಯುವುದಿಲ್ಲ. ಕೊಟೇಶನ್ ಕೂಡ ಬೇಡ. ಅದು ಯಾರ ಯಾರ ಕೈಗೆ ಹೋಗುತ್ತದೋ ನಿಮ್ಮ ಹಿಡಿತದಲ್ಲಿರುವುದಿಲ್ಲ.

ಹಂತ 6: ಉತ್ತರ ಬಾರದಿದ್ದರೆ

ಮಂಗಳವಾರ ಕಳಿಸಿದಿರಿ. ಬುಧವಾರ, ಗುರುವಾರ ಸುಮ್ಮನಿರಿ. ಇಎ ನಿಮ್ಮ ಮೇಲ್ ನೋಡಿಲ್ಲ ಅಂತ ಅರ್ಥವಲ್ಲ. ಸಾಹೇಬರ ಜೊತೆ ಕ್ಯಾಲೆಂಡರ್ ಇಟ್ಟುಕೊಂಡು ಕೂರುವ ಹೊತ್ತಿಗಾಗಿ ಕಾಯುತ್ತಿರಬಹುದು. ಆ ಹೊತ್ತು ದಿನಾ ಸಿಗುವುದಿಲ್ಲ.

ಶುಕ್ರವಾರ, 6ರಂದು, ಅದೇ ಮೇಲ್‌ಗೆ ಉತ್ತರವಾಗಿ ಎರಡು ಸಾಲು ಕಳಿಸಿ. ಹೊಸ ಮೇಲ್ ಶುರು ಮಾಡಬೇಡಿ. ಹಳೆಯದು ಕೆಳಗೇ ಇದ್ದರೆ ಇಎ ಹುಡುಕಬೇಕಾಗುವುದಿಲ್ಲ.

> ______ ಮೇಡಂ, ನಮಸ್ಕಾರ. ಕೆಳಗಿನ ವಿನಂತಿ ನೆನಪಿಸಲು ಬರೆದೆ. ಮೂರೂ ಸಮಯ ಇನ್ನೂ ಖಾಲಿ ಇವೆ. ಬೇರೆ ವಿವರ ಏನಾದರೂ ಬೇಕಿದ್ದರೆ ತಿಳಿಸಿ.

"ಇನ್ನೂ ಉತ್ತರ ಬಂದಿಲ್ಲ" ಅಂತ ಬರೆಯಬೇಡಿ. ಅದು ಅವರಿಗೂ ಗೊತ್ತು.

10ರ ಮಂಗಳವಾರ ಒಂದು ಫೋನ್ ಮಾಡಿ. ಆಫೀಸ್ ನಂಬರಿಗೆ, ಮಧ್ಯಾಹ್ನ 12ರ ಹತ್ತಿರ ಅಥವಾ 4ರ ಮೇಲೆ. ಯಾರಿಂದಲೋ ಅವರ ಸ್ವಂತ ಮೊಬೈಲ್ ನಂಬರ್ ಪಡೆದು ರಾತ್ರಿ ವಾಟ್ಸಾಪ್ ಮಾಡಬೇಡಿ. ನಂಬರ್ ಅವರೇ ಕೊಟ್ಟಿದ್ದರೆ ಬೇರೆ ಮಾತು. ಫೋನಲ್ಲಿ ಹೆಸರು, ಊರು, ಮೇಲ್ ಕಳಿಸಿದ ದಿನ ಹೇಳಿ, "ಸಮಯ ಸಿಗೋ ಹಾಗಿದೆಯಾ, ಇಲ್ಲ ಮ್ಯಾನೇಜರ್ ಹತ್ತಿರವೇ ಮುಂದುವರಿಸಲಾ?" ಅಂತ ಕೇಳಿ. ಈ ಎರಡನೇ ಆಯ್ಕೆ ಕೊಡುವುದು ಮುಖ್ಯ. ಇಲ್ಲ ಅನ್ನಲು ಸುಲಭದ ದಾರಿ ಇದ್ದರೆ ಇಎ ನಿಜ ಹೇಳುತ್ತಾರೆ: "ಈ ತಿಂಗಳು ಕಷ್ಟ, ಆದರೆ ಬುಧವಾರ ರಿವ್ಯೂ ಆದಮೇಲೆ ಹತ್ತು ನಿಮಿಷ ನೋಡಬಹುದು." ಹತ್ತು ನಿಮಿಷ ಸಿಕ್ಕರೆ ತಗೊಳ್ಳಿ. 100 ರೋಲರ್‌ಗೆ ಜಾಗ ಕೊಡಬೇಕೋ ಬೇಡವೋ ಅನ್ನುವುದಕ್ಕೆ ಹತ್ತು ನಿಮಿಷ ಸಾಕು.

ಫೋನ್ ಆದಮೇಲೂ ಏನೂ ಆಗದಿದ್ದರೆ ನಿಲ್ಲಿಸಿ. ನಾಲ್ಕನೇ ಸಲ ಸಾಹೇಬರನ್ನು ಸಿಸಿಗೆ ಸೇರಿಸಿ ಬರೆಯಬೇಡಿ. ಮ್ಯಾನೇಜರ್‌ಗೆ ಹೇಳಿ, ಅವರು ಒಳಗಿನಿಂದ ಕೇಳಲಿ. ಮಿಠಾಯಿ ಡಬ್ಬ ಕಳಿಸುವ ಯೋಚನೆಯೂ ಬೇಡ. ಎಷ್ಟೋ ಕಂಪನಿಗಳಲ್ಲಿ ವೆಂಡರ್‌ಗಳಿಂದ ಉಡುಗೊರೆ ತೆಗೆದುಕೊಳ್ಳಬಾರದು ಅನ್ನುವ ನಿಯಮ ಇರುತ್ತದೆ. ಡಬ್ಬ ವಾಪಸ್ ಕಳಿಸುವ ಮುಜುಗರಕ್ಕೆ ನೀವು ಅವರನ್ನು ಸಿಕ್ಕಿಸುತ್ತೀರಿ.

ಹಂತ 7: ಸಮಯ ಸಿಕ್ಕ ಮೇಲೆ

ಉತ್ತರ ಎರಡು ಬಗೆಯಲ್ಲಿ ಬರಬಹುದು. "18ಕ್ಕೆ ಹೋಲ್ಡ್ ಮಾಡಿದ್ದೇನೆ" ಅಂದರೆ ಜಾಗ ಕಾಯ್ದಿಟ್ಟಿದ್ದಾರೆ, ಸಾಹೇಬರ ಒಪ್ಪಿಗೆ ಇನ್ನೂ ಆಗಿಲ್ಲ. "18ಕ್ಕೆ 11:30 ಕನ್ಫರ್ಮ್" ಅಂದರೆ ಖಚಿತ. ಹೋಲ್ಡ್ ಬಂದಾಗ ಉಳಿದೆರಡು ಸಮಯ ಬಿಟ್ಟುಕೊಡಬೇಡಿ. ಕನ್ಫರ್ಮ್ ಆದಾಗ ಒಂದೇ ಗಂಟೆಯೊಳಗೆ ಉತ್ತರ ಕೊಡಿ.

ಕ್ಯಾಲೆಂಡರ್ ಇನ್ವೈಟ್ ಅವರೇ ಕಳಿಸಲಿ. ಇನ್ವೈಟ್ ಅಂದರೆ ಒಪ್ಪಿದ ಕೂಡಲೇ ಇಬ್ಬರ ಕ್ಯಾಲೆಂಡರ್‌ನಲ್ಲೂ ಕೂರುವ ಆಮಂತ್ರಣ. ನೀವೇ ಮುಂದಾಗಿ ಕಳಿಸಿದರೆ ಅದು ಸಾಹೇಬರ ಕ್ಯಾಲೆಂಡರ್‌ನಲ್ಲಿ ಇಎ ಹಾಕಿದ್ದರ ಪಕ್ಕದಲ್ಲಿ ಇನ್ನೊಂದಾಗಿ ಕಾಣಬಹುದು. ಮುಂದೆ ಸಮಯ ಬದಲಾದಾಗ ಒಂದು ಸರಿದು ಇನ್ನೊಂದು ಅಲ್ಲೇ ಉಳಿಯುತ್ತದೆ. ಅವರು ಕಳಿಸಿದ್ದನ್ನು ಒಪ್ಪಿ, ಅಷ್ಟು ಸಾಕು.

ಕಾರ್ಖಾನೆ ಭೇಟಿಗೆ ಇನ್ನೊಂದು ಕೆಲಸ ಇದೆ, ಗೇಟ್ ಪಾಸ್. ಆಫೀಸಿನ ಹಾಗೆ ನೇರ ಒಳಗೆ ನಡೆದು ಹೋಗಲು ಆಗುವುದಿಲ್ಲ. ಕನ್ಫರ್ಮ್ ಉತ್ತರದಲ್ಲೇ ಈ ವಿವರ ಸೇರಿಸಿದರೆ ಇಎ ಮತ್ತೆ ಕೇಳಬೇಕಾಗುವುದಿಲ್ಲ:

> ______ ಮೇಡಂ, ತುಂಬಾ ಧನ್ಯವಾದ. ಫೆ. 18, ಬುಧವಾರ, ಬೆಳಿಗ್ಗೆ 11:30 ಖಚಿತ. 17 ಮತ್ತು 19ರ ಸಮಯ ಬಿಟ್ಟುಕೊಟ್ಟಿದ್ದೇನೆ.
> ಗೇಟ್ ಪಾಸ್‌ಗೆ: ಬರುವವರು ______ ಮತ್ತು ______. ಕಾರ್ ನಂಬರ್ ______. ಒಂದು ಲ್ಯಾಪ್‌ಟಾಪ್, ಒಂದು ಸ್ಯಾಂಪಲ್ ರೋಲರ್ ತರುತ್ತೇವೆ. ಗುರುತಿನ ಚೀಟಿ, ಹೆಲ್ಮೆಟ್, ಸೇಫ್ಟಿ ಶೂ ನಮ್ಮ ಹತ್ತಿರ ಇವೆ. ಬೇರೆ ಏನಾದರೂ ಬೇಕಿದ್ದರೆ ತಿಳಿಸಿ.

ಸ್ಯಾಂಪಲ್ ರೋಲರ್ ತರುವುದನ್ನು ಮೊದಲೇ ಹೇಳದಿದ್ದರೆ ಸೆಕ್ಯುರಿಟಿಯವರು ಗೇಟಲ್ಲೇ ನಿಲ್ಲಿಸುತ್ತಾರೆ. ಒಳಗೆ ಹೋದ ಸಾಮಾನು ಹೊರಗೆ ಬರಲೂ ಕಾಗದ ಬೇಕು. ಅದು ಮುಗಿಯುವಷ್ಟರಲ್ಲಿ ನಿಮ್ಮ ಅರ್ಧ ಗಂಟೆಯಲ್ಲಿ ಒಂದು ಪಾಲು ಹೋಗಿರುತ್ತದೆ. ಆಗ ಇಎ ಮೀಟಿಂಗ್ ಬಿಟ್ಟು ಗೇಟಿಗೆ ಫೋನ್ ಮಾಡುತ್ತಾ ಕೂರಬೇಕು.

ಬಳ್ಳಾರಿಯಿಂದ ಹೊಸಪೇಟೆ ಮೇಲೆ ಕೊಪ್ಪಳದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಅದಿರಿನ ಲಾರಿಗಳ ಓಡಾಟ ಜಾಸ್ತಿ. 11:30ರ ಭೇಟಿಗೆ 11ಕ್ಕೆ ಗೇಟಲ್ಲಿರುವ ಹಾಗೆ ಹೊರಡಿ. ದಾರಿಯಲ್ಲಿ ತಡವಾಗುವುದು ಗೊತ್ತಾದ ತಕ್ಷಣ ಇಎಗೆ ಹೇಳಿ. "ಐದು ನಿಮಿಷದಲ್ಲಿ ಬಂದ್ವಿ" ಅಂತ ಸುಳ್ಳು ಹೇಳದೆ, "ತೋರಣಗಲ್ ದಾಟಿದ್ದೇವೆ, 20 ನಿಮಿಷ ತಡ ಆಗಬಹುದು" ಅಂತ ಇದ್ದದ್ದು ಹೇಳಿ. ಅಷ್ಟರಲ್ಲಿ ಅವರು ಮುಂದಿನವರನ್ನು ಮೊದಲು ಒಳಗೆ ಕಳಿಸಿ ನಿಮ್ಮ ಜಾಗ ಉಳಿಸಬಲ್ಲರು.

ಹಿಂದಿನ ದಿನ ಮಧ್ಯಾಹ್ನ ಒಂದು ಪುಟದ ಟಿಪ್ಪಣಿ ಇಎಗೆ ಕಳಿಸಿ. ಪ್ರಸ್ತಾಪ ಏನು, ಯಾವ ವಿಭಾಗದಿಂದ ಏನು ಬೇಕು, ಯಾವ ತೀರ್ಮಾನ ಕೇಳುತ್ತಿದ್ದೀರಿ. ಅವರು ಅದನ್ನು ಪ್ರಿಂಟ್ ತೆಗೆದು ಸಾಹೇಬರ ಫೈಲಿನಲ್ಲಿಡುತ್ತಾರೆ. ಎರಡು ಪುಟವಾದರೆ ಎರಡನೆಯದನ್ನು ಯಾರೂ ತಿರುಗಿಸುವುದಿಲ್ಲ.

ಹಂತ 8: ಕೊನೇ ಗಳಿಗೆಯಲ್ಲಿ ಸಮಯ ಬದಲಾದರೆ

ಆಗುತ್ತದೆ. ಪ್ಲ್ಯಾಂಟ್ ನಿಂತರೆ ಎಲ್ಲ ಭೇಟಿಯೂ ಹೋಗುತ್ತದೆ. ಹೊರಟು ಹೊಸಪೇಟೆ ಹತ್ತಿರ ಬಂದಾಗ ಫೋನ್ ಬಂದರೂ ಸಿಟ್ಟು ತೋರಿಸಬೇಡಿ. "ಪರವಾಗಿಲ್ಲ ಮೇಡಂ, ಅರ್ಥ ಆಗುತ್ತೆ. ಇವತ್ತು ಸಂಜೆವರೆಗೆ ನಾವು ಹೊಸಪೇಟೆಯಲ್ಲೇ ಇರುತ್ತೇವೆ, ಇಲ್ಲದಿದ್ದರೆ ಗುರುವಾರ ಮಧ್ಯಾಹ್ನ ಬರಬಲ್ಲೆವು" ಅಂತ ಹೇಳಿ. ಭೇಟಿ ರದ್ದಾದ ಪ್ರತಿಯೊಬ್ಬರಿಗೂ ಇಎ ಆ ಹೊತ್ತಲ್ಲಿ ಫೋನ್ ಮಾಡುತ್ತಿರುತ್ತಾರೆ. ಹೆಚ್ಚಿನವರು ಗೊಣಗುತ್ತಾರೆ. ಪ್ಲ್ಯಾಂಟ್ ಮತ್ತೆ ಶುರುವಾದಾಗ ಮೊದಲು ಕೂರಿಸುವುದು ಬದಲಿ ಸಮಯವನ್ನು ಕೈಗೇ ಕೊಟ್ಟವರನ್ನು.

ನೀವೇ ಬದಲಾಯಿಸಬೇಕಾಗಿ ಬಂದರೆ ಕಾರಣ ಒಂದು ಸಾಲಲ್ಲಿ, ಹೊಸ ಸಮಯ ಎರಡು, ಕ್ಷಮೆ ಒಂದೇ ಸಲ. ಅದೇ ಗಿರಾಕಿಯ ಹತ್ತಿರ ಎರಡನೇ ಸಲ ಬದಲಾಯಿಸುವ ಹಾಗೆ ಮಾಡಿಕೊಳ್ಳಬೇಡಿ.

ಹಂತ 9: ಭೇಟಿ ಮುಗಿದ ಮೇಲೆ

ಅವತ್ತೇ ಸಂಜೆ ಎರಡು ಮೇಲ್. ಒಂದು ಪ್ಲ್ಯಾಂಟ್ ಹೆಡ್‌ಗೆ, ಮ್ಯಾನೇಜರ್ ಮತ್ತು ಇಎ ಸಿಸಿಯಲ್ಲಿ: ಏನು ತೀರ್ಮಾನವಾಯಿತು, ಯಾರು ಏನು ಮಾಡಬೇಕು, ಯಾವ ತಾರೀಖಿಗೆ. ಇಲ್ಲಿ ಇಎ ಸಿಸಿಯಲ್ಲಿ ಇರಲೇಬೇಕು, ಯಾಕೆಂದರೆ "ಸ್ಟೋರ್‌ನವರ ಜೊತೆ ಮಾರ್ಚ್ ಮೊದಲ ವಾರ ಕೂರೋಣ" ಅಂತ ಸಾಹೇಬರು ಹೇಳಿದ್ದರೆ ಅದನ್ನು ಕ್ಯಾಲೆಂಡರ್‌ಗೆ ಹಾಕುವವರು ಅವರೇ.

ಇನ್ನೊಂದು ಇಎ ಒಬ್ಬರಿಗೇ, ಎರಡು ಸಾಲು. ಸುಮ್ನೆ "ಧನ್ಯವಾದ" ಅಂತಲ್ಲ, ಅವರು ಮಾಡಿದ್ದನ್ನು ಹೆಸರಿಸಿ: "ಸ್ಯಾಂಪಲ್ ರೋಲರ್‌ನ ಪಾಸ್ ಗೇಟಲ್ಲಿ ರೆಡಿ ಇತ್ತು, ಅದರಿಂದ ಸಮಯಕ್ಕೆ ಸರಿಯಾಗಿ ಶುರು ಮಾಡೋಕಾಯ್ತು. ಮಾರ್ಚ್ ಮೊದಲ ವಾರದ ಭೇಟಿಗೆ 3ರ ಮಂಗಳವಾರ ಅಥವಾ 5ರ ಗುರುವಾರ, ಮಧ್ಯಾಹ್ನ 3ರ ಮೇಲೆ ನಾವು ಬರಬಲ್ಲೆವು."